ಪಂಪ್ ಒತ್ತಿದರೂ ಮಗುವಿನ ಕೆಮ್ಮು ನಿಲ್ಲದಿದ್ದರೆ: ಮದ್ದು ದಾರಿಯಲ್ಲಿ ಎಲ್ಲಿ ನಿಂತಿತು?

ಕಳೆದ ವರ್ಷ ಜೂನ್ 9ರಂದು ಕಳಸದ ಆಚೆಯ ಕಾಫಿ ತೋಟವೊಂದರಿಂದ ಒಬ್ಬ ತಾಯಿ, ಅವರ ಅತ್ತೆ ಮತ್ತು ಎರಡೂವರೆ ವರ್ಷದ ಗಂಡುಮಗು ನಾನು ನರ್ಸ್ ಆಗಿರುವ ಮೂಡಿಗೆರೆಯ ಕ್ಲಿನಿಕ್ಕಿಗೆ ಬಂದರು. ಮಗುವಿಗೆ ಉಬ್ಬಸ. ಏಪ್ರಿಲ್‌ನಲ್ಲಿ ವೈದ್ಯರು ದಿನವೂ ಕೊಡಬೇಕಾದ ಇನ್ಹೇಲರ್ ಒಂದನ್ನು, ದಮ್ಮು ಕಟ್ಟಿದಾಗ ಮಾತ್ರ ಕೊಡಬೇಕಾದ ಇನ್ನೊಂದನ್ನು, ಜೊತೆಗೆ ಮಾಸ್ಕ್ ಇರುವ ಸ್ಪೇಸರ್ ಅನ್ನು, ಅಂದರೆ ಇನ್ಹೇಲರ್‌ಗೂ ಮುಖಕ್ಕೂ ನಡುವೆ ಹಿಡಿಯುವ ಟೊಳ್ಳು ಕೊಳವೆಯನ್ನು, ಬರೆದುಕೊಟ್ಟಿದ್ದರು. ಮೇ ತಿಂಗಳಿಡೀ ಮಗು ಚೆನ್ನಾಗಿತ್ತು. ಜೂನ್ ಮೊದಲ ವಾರದಲ್ಲಿ ರಾತ್ರಿ ಕೆಮ್ಮು ಮತ್ತೆ ಶುರುವಾಯಿತು. "ಮಳೆ ಹಿಡಿಯಿತಲ್ಲ ಸಿಸ್ಟರ್, ಥಂಡಿಗೆ ಹೀಗಾಗಿದೆ. ಮದ್ದಿನ ಪವರ್ ಜಾಸ್ತಿ ಮಾಡಿಸಿಕೊಡಿ" ಎಂದರು ಅಜ್ಜಿ.

ಮಳೆಯನ್ನು ದೂರುವುದು ನಮ್ಮ ಕಡೆ ಸುಲಭ. ಆದರೆ ಪ್ರಮಾಣ ಹೆಚ್ಚಿಸುವ ಮೊದಲು ಈಗಿನ ಪ್ರಮಾಣ ಮಗುವಿನ ಎದೆಗೆ ಇಳಿಯುತ್ತಿದೆಯೇ ಎಂದು ನೋಡಬೇಕು. ಡಬ್ಬಿಯಿಂದ ಹೊರಟ ಮದ್ದು ನಳಿಕೆ, ಸ್ಪೇಸರ್, ವಾಲ್ವ್, ಮಾಸ್ಕ್, ಮೂಗು, ಬಾಯಿ ಎಲ್ಲವನ್ನೂ ದಾಟಿ ಶ್ವಾಸಕೋಶ ಸೇರಬೇಕು. ಈ ದಾರಿಯಲ್ಲಿ ಅದು ಎಲ್ಲಿ ಬೇಕಾದರೂ ನಿಂತುಬಿಡಬಹುದು. ಎಲ್ಲಿ ನಿಂತಿತು ಎಂದು ಕಂಡುಹಿಡಿಯುವ ಕ್ರಮವನ್ನು ಆ ಮಗುವಿನ ಕಥೆಯ ಜೊತೆಯಲ್ಲೇ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಇದು ಮಗು ನೆಮ್ಮದಿಯಾಗಿರುವಾಗ ಮಾಡುವ ಕೆಲಸ. ಉಸಿರೆಳೆದಾಗ ಪಕ್ಕೆಲುಬುಗಳ ಕೆಳಗೆ ಗುಳಿ ಬೀಳುತ್ತಿದ್ದರೆ, ಮಾತಾಡಲು ಅಥವಾ ಹಾಲು ಕುಡಿಯಲು ಆಗದಷ್ಟು ಏದುಸಿರಿದ್ದರೆ, ತುಟಿ ನೀಲಿಯಾಗಿದ್ದರೆ, ಮಗು ಮಂಕಾಗಿ ತೂಕಡಿಸುತ್ತಿದ್ದರೆ ವಾಲ್ವ್ ಪರೀಕ್ಷಿಸುತ್ತ ಕೂರಬೇಡಿ. ವೈದ್ಯರು ತುರ್ತಿಗೆಂದು ಬರೆದುಕೊಟ್ಟ ಇನ್ಹೇಲರ್ ಕೊಟ್ಟು, ಅದು ಹಿಡಿಯುವವರೆಗೆ ಕಾಯದೆ ಹೊರಡಿ ಅಥವಾ 108ಕ್ಕೆ ಕರೆ ಮಾಡಿ. ದಾರಿಯಲ್ಲೂ ಅದನ್ನು ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಕೊಡಬಹುದು. ಕಳಸದಂತಹ ಕಡೆಯಿಂದ ಮಳೆಗಾಲದ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ನಿಮಗೇ ಗೊತ್ತು. ಪೇಟೆಯವರಿಗಿಂತ ನೀವು ಬೇಗ ಹೊರಡಬೇಕು.

ಮೊದಲು ಕೇಳಬೇಕಾದ ಎರಡು ಪ್ರಶ್ನೆ

ಮೊದಲ ಪ್ರಶ್ನೆ: ಈ ಮದ್ದು ಒಮ್ಮೆಯಾದರೂ ಕೆಲಸ ಮಾಡಿತ್ತೇ? ಶುರುವಿನಿಂದಲೇ ಗುಣ ಕಾಣದಿದ್ದರೆ ಕೊಡುವ ರೀತಿಯನ್ನು ಅನುಮಾನಿಸಬೇಕು. ಮಾಸ್ಕ್ ಕೂರುತ್ತಿಲ್ಲ, ಮಗು ಅಳುತ್ತಿದೆ, ಎರಡು ಪಫ್ ಒಟ್ಟಿಗೆ ಒತ್ತುತ್ತಿದ್ದಾರೆ, ಇಂಥವು. ಅಪರೂಪಕ್ಕೆ ಕಾಯಿಲೆಯೇ ಬೇರೆ ಇರಬಹುದು, ಅದನ್ನು ವೈದ್ಯರು ನೋಡುತ್ತಾರೆ. ಆದರೆ ಒಂದಷ್ಟು ದಿನ ಗುಣ ಕಂಡು ಆಮೇಲೆ ಕೆಟ್ಟರೆ, ಕೊಡುವ ಕೈ ಬದಲಾಗಿಲ್ಲ ಎಂದಾದರೆ, ಸಾಮಾನಿನಲ್ಲಿ ಏನೋ ಬದಲಾಗಿದೆ. ಡಬ್ಬಿ ಬರಿದಾಗಿರಬಹುದು, ನಳಿಕೆ ಕಟ್ಟಿರಬಹುದು, ಸ್ಪೇಸರ್ ಅನ್ನು ಯಾರೋ ತಪ್ಪಾಗಿ ತೊಳೆದಿರಬಹುದು.

ಎರಡನೆಯ ಪ್ರಶ್ನೆ: ದಮ್ಮು ಕಟ್ಟಿದಾಗ ಅದೇ ಸ್ಪೇಸರ್‌ನಲ್ಲಿ ತುರ್ತಿನ ಇನ್ಹೇಲರ್ ಕೊಟ್ಟರೆ ಗುಣ ಕಾಣುತ್ತದೆಯೇ? ತುರ್ತಿಗೆ ಸಾಮಾನ್ಯವಾಗಿ ಕೊಡುವುದು ಸಾಲ್ಬ್ಯುಟಮಾಲ್. ಅದು ಕೆಲವೇ ನಿಮಿಷಗಳಲ್ಲಿ ಕೆಲಸ ಶುರುಮಾಡುತ್ತದೆ. ಕಾಲು ಗಂಟೆಯೊಳಗೆ ಎದೆಯ ಸಿಳ್ಳು ಕಡಿಮೆಯಾಗಿ ಮಗು ಹಗುರಾದರೆ ಸ್ಪೇಸರ್, ಮಾಸ್ಕ್, ಕೊಡುವ ಕೈ ಮೂರೂ ಒಂದು ಮಟ್ಟಿಗೆ ಸರಿಯಿವೆ ಎಂದರ್ಥ. ಆಗ ಕಣ್ಣು ದಿನದ ಇನ್ಹೇಲರ್‌ನ ಡಬ್ಬಿಯ ಮೇಲೆ ಬೀಳಬೇಕು. ಇದನ್ನು ಪರೀಕ್ಷೆಗೆಂದು ಸುಮ್ಮನೆ ಕೊಡಬಾರದು. ದಮ್ಮು ಕಟ್ಟಿದಾಗ ವೈದ್ಯರು ಹೇಳಿದಂತೆ ಕೊಟ್ಟದ್ದು ನೆನಪಿದ್ದರೆ ಸಾಕು.

ನಾನು ಆ ತಾಯಿಯನ್ನು ಎರಡನ್ನೂ ಕೇಳಿದೆ. ಮೇ ತಿಂಗಳಲ್ಲಿ ಗುಣವಿತ್ತು. ಹಿಂದಿನ ರಾತ್ರಿ ಸಿಳ್ಳು ಬಂದಾಗ ತುರ್ತಿನ ಪಂಪಿನ ಎರಡು ಪಫ್ ಕೊಟ್ಟಿದ್ದರು, ಹತ್ತು ಹದಿನೈದು ನಿಮಿಷಕ್ಕೆ ಮಗು ಮಲಗಿತ್ತು. ಎರಡು ಉತ್ತರಗಳೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಡಬ್ಬಿಯಲ್ಲಿ ಮದ್ದಿದೆಯೇ?

"ಇದೆ, ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತದೆ, ಒತ್ತಿದರೆ ಬುಸ್ ಅನ್ನುತ್ತದೆ" ಎಂದರು ತಾಯಿ. ಹತ್ತರಲ್ಲಿ ಎಂಟು ಮನೆಯವರು ಹೀಗೇ ಹೇಳುತ್ತಾರೆ, ಅವರನ್ನು ತಪ್ಪು ಎನ್ನಲಾಗದು. ಡಬ್ಬಿಯೊಳಗೆ ಮದ್ದಿನ ಜೊತೆ ಅದನ್ನು ಹೊರದೂಡುವ ದ್ರವರೂಪದ ಅನಿಲವೂ ಇರುತ್ತದೆ. ಬರೆದಷ್ಟು ಪಫ್ ಮುಗಿದ ಮೇಲೂ ಆ ಅನಿಲ ಸ್ವಲ್ಪ ಉಳಿಯುತ್ತದೆ. ಒತ್ತಿದಾಗ ಬುಸ್ ಎನ್ನುವುದೂ ಅಲ್ಲಾಡಿಸಿದರೆ ಸದ್ದು ಮಾಡುವುದೂ ಅದೇ. ಹೊರಗೆ ಬರುವ ಮಂಜಿನಲ್ಲಿ ಮದ್ದು ಎಷ್ಟಿದೆ ಎನ್ನುವುದು ಮಾತ್ರ ನಂಬಿಕೆಗೆ ಯೋಗ್ಯವಲ್ಲ.

ಕೆಲವರು ಡಬ್ಬಿಯನ್ನು ಲೋಟದ ನೀರಿಗೆ ಹಾಕಿ ತೇಲುತ್ತದೆಯೋ ಮುಳುಗುತ್ತದೆಯೋ ನೋಡುತ್ತಾರೆ. ಬೇಡ. ಆ ಲೆಕ್ಕ ತಪ್ಪುತ್ತದೆ, ಮೇಲಾಗಿ ವಾಲ್ವ್‌ಗೆ ನೀರು ಹೊಕ್ಕು ಇದ್ದ ಮದ್ದೂ ಕೆಡುತ್ತದೆ. ಎಣಿಕೆ ತೋರಿಸುವ ಕಿಂಡಿ ಇರುವ ಇನ್ಹೇಲರ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಕ್ಯಾಲೆಂಡರ್ ಒಂದೇ ದಾರಿ.

ಅವರ ಡಬ್ಬಿಯಲ್ಲಿ ಕಿಂಡಿ ಇರಲಿಲ್ಲ. ಪೆಟ್ಟಿಗೆಯ ಮೇಲೆ 200 ಪಫ್ ಎಂದಿತ್ತು. ಬೆಳಗ್ಗೆ ಎರಡು, ರಾತ್ರಿ ಎರಡು, ದಿನಕ್ಕೆ ನಾಲ್ಕು ಪಫ್ ಎಂದರೆ 200 ಪಫ್ ಐವತ್ತು ದಿನಕ್ಕೆ. ಶುರು ಮಾಡಿದ್ದು ಏಪ್ರಿಲ್ 10ರ ಬೆಳಗ್ಗೆ. ಹಾಗಾಗಿ ಮೇ 29ಕ್ಕೆ ಮುಗಿಯಬೇಕು. ಅವರು ಜೂನ್ 8ರ ರಾತ್ರಿಯವರೆಗೂ ಒತ್ತಿದ್ದರು, ಅಂದರೆ ಅರುವತ್ತು ದಿನ, 240 ಪಫ್. ನಡುವೆ ನಾಲ್ಕೈದು ಹೊತ್ತು ತಪ್ಪಿತ್ತು ಎಂದರು. ಹಾಗೆ ಹಿಡಿದರೂ 230. ಕೆಮ್ಮು ಮರಳಿದ್ದು ಜೂನ್ ಮೂರು ನಾಲ್ಕರ ಸುಮಾರಿಗೆ. ದಿನದ ಇನ್ಹೇಲರ್‌ನ ಮದ್ದು ನಿಂತ ಮರುಗಳಿಗೆಯೇ ಗುಣ ಹೋಗುವುದಿಲ್ಲ, ಶ್ವಾಸನಾಳದ ಊತ ನಿಧಾನವಾಗಿ ಮರಳುತ್ತದೆ. ಅದಕ್ಕೇ ಮದ್ದು ಮುಗಿದದ್ದಕ್ಕೂ ಕೆಮ್ಮು ಬಂದದ್ದಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಆ ಕೆಲವೇ ದಿನಗಳಲ್ಲಿ ಮುಂಗಾರೂ ಬಂದುಬಿಟ್ಟಿತು, ಅಪವಾದ ಪೂರ್ತಿ ಅದರ ತಲೆಗೆ ಹೋಯಿತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ದೋಷ ಸಿಕ್ಕಿದೊಡನೆ ಹುಡುಕುವುದನ್ನು ಬಿಟ್ಟರೆ ಎರಡನೆಯದು ಹಾಗೇ ಉಳಿಯುತ್ತದೆ. ತುರ್ತಿನ ಪಂಪ್ ಗುಣ ಕೊಟ್ಟಿತು ಎಂದ ಮಾತ್ರಕ್ಕೆ ಸ್ಪೇಸರ್‌ಗೆ ಪೂರ್ತಿ ಪ್ರಮಾಣಪತ್ರ ಕೊಡಲಾಗದು. ಅದರ ಮದ್ದು ಅರ್ಧ ಸೋರಿದರೂ ಉಳಿದರ್ಧ ಸಣ್ಣ ಮಗುವಿನ ದಮ್ಮನ್ನು ಇಳಿಸಬಹುದು. ಹಾಗಾಗಿ, "ಮನೆಯಲ್ಲಿ ಕೊಡುವ ಹಾಗೆಯೇ ಒಮ್ಮೆ ಕೊಟ್ಟು ತೋರಿಸಮ್ಮ, ನಾನು ನಡುವೆ ಬಾಯಿ ಹಾಕುವುದಿಲ್ಲ" ಎಂದೆ. ವೈದ್ಯರ ಒಪ್ಪಿಗೆ ಪಡೆದು ಹೊಸ ಡಬ್ಬಿಯನ್ನೇ ತೆರೆದೆವು.

ಸರಿಯಾದ ಕ್ರಮ ಯಾವುದು?

ತಾಯಿ ಮಗುವನ್ನು ತೊಡೆಯ ಮೇಲೆ ನೇರವಾಗಿ ಕೂರಿಸಿಕೊಂಡರು. ಇದು ಸರಿ. ಮಲಗಿಸಿ ಕೊಟ್ಟರೆ ಇನ್ಹೇಲರ್ ವಾಲುತ್ತದೆ. ಲೋಹದ ಡಬ್ಬಿಯ ತಳ ಮೇಲಕ್ಕೆ, ಬಾಯಿ ಕೆಳಕ್ಕೆ ಇದ್ದರೆ ಮಾತ್ರ ಅದರೊಳಗಿನ ಪುಟ್ಟ ಅಳತೆಗುಂಡಿ ಪೂರ್ತಿ ತುಂಬುತ್ತದೆ.

ಮುಚ್ಚಳ ತೆಗೆದು ಒಳಗೆ ಕಣ್ಣು ಹಾಯಿಸಬೇಕು. ಚೀಲದ ತಳದಲ್ಲಿ ಬಿದ್ದಿದ್ದ ಇನ್ಹೇಲರ್‌ನ ಬಾಯಿಯಿಂದ ಕಾಫಿ ಬೀಜದ ಸಿಪ್ಪೆಯನ್ನು ನಾನೇ ತೆಗೆದದ್ದುಂಟು. ಹೊಸದಾದರೆ, ಅಥವಾ ಬಹಳ ದಿನ ಬಳಸದೆ ಇಟ್ಟಿದ್ದರೆ, ಒಳಗಿನ ಚೀಟಿಯಲ್ಲಿ ಹೇಳಿದಷ್ಟು ಪಫ್ ಅನ್ನು ಮೊದಲು ಗಾಳಿಗೆ ಬಿಡಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು. ಆಮೇಲೆ ಐದಾರು ಸೆಕೆಂಡು ಚೆನ್ನಾಗಿ ಕುಲುಕಬೇಕು, ಏಕೆಂದರೆ ಇಂಥ ಹೆಚ್ಚಿನ ಇನ್ಹೇಲರ್‌ಗಳಲ್ಲಿ ಮದ್ದು ದ್ರವದಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಕುಲುಕದೆ ಒತ್ತಿದರೆ ಒಂದು ಪಫ್‌ನಲ್ಲಿ ಮದ್ದು ಹೆಚ್ಚು, ಇನ್ನೊಂದರಲ್ಲಿ ಕಡಿಮೆ.

ಇನ್ಹೇಲರ್ ಅನ್ನು ಸ್ಪೇಸರ್‌ನ ಹಿಂಬದಿಗೆ ಸಿಕ್ಕಿಸಿ, ಮಾಸ್ಕ್ ಅನ್ನು ಮೂಗು ಬಾಯಿ ಎರಡೂ ಮುಚ್ಚುವಂತೆ ಮುಖಕ್ಕೆ ಒತ್ತಿ ಹಿಡಿದು, ಮಗು ಉಸಿರಾಡುತ್ತಿದೆ ಎಂದು ನೋಡಿಕೊಂಡು ಒಮ್ಮೆ ಮಾತ್ರ ಒತ್ತಬೇಕು. ಒತ್ತಿದ ಮೇಲೆ ಮಾಸ್ಕ್ ಕದಲಿಸದೆ ಐದಾರು ಉಸಿರು ಎಣಿಸಬೇಕು. ಬಾಯಿಯಿಂದ ಎಣಿಸುವುದಲ್ಲ, ಸ್ಪೇಸರ್‌ನ ವಾಲ್ವ್ ಅಲುಗುವುದನ್ನು ನೋಡಿ ಎಣಿಸುವುದು. ಅವಸರದಲ್ಲಿ "ಒಂದೆರಡು ಮೂರ್ನಾಲ್ಕು" ಎಂದು ನಾಲ್ಕು ಸೆಕೆಂಡಿನಲ್ಲಿ ಮುಗಿಸಿದರೆ ಮಗು ಎರಡು ಸಲ ಉಸಿರೆಳೆದಿರುತ್ತದೆ ಅಷ್ಟೇ. ಎರಡನೆಯ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿನಿಂದ ಶುರು. ಎರಡನ್ನೂ ಒಟ್ಟಿಗೆ ಸ್ಪೇಸರ್‌ಗೆ ತುಂಬಿದರೆ ಕಣಗಳು ಒಂದಕ್ಕೊಂದು ಅಂಟಿ ಗೋಡೆಗೆ ಕೂರುತ್ತವೆ, ಎರಡು ಪಫ್ ಒತ್ತಿಯೂ ಎರಡರ ಫಲ ಸಿಗುವುದಿಲ್ಲ.

ದಿನದ ಇನ್ಹೇಲರ್ ಸ್ಟೀರಾಯ್ಡ್ ಆಗಿದ್ದರೆ ಕೊಟ್ಟ ಮೇಲೆ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಗುವಿಗೆ ನೀರು ಕುಡಿಸಬೇಕು. ಇಲ್ಲದಿದ್ದರೆ ಬಾಯಿಯಲ್ಲಿ ಬಿಳಿ ಅಗ್ರು ಬರಬಹುದು.

ತಾಯಿ ಇಷ್ಟನ್ನೂ ಹೆಚ್ಚು ಕಡಿಮೆ ಸರಿಯಾಗಿಯೇ ಮಾಡಿದರು. ಮಾಸ್ಕ್ ಚೆನ್ನಾಗಿ ಕೂತಿತ್ತು, ವಾಲ್ವ್ ಅಲುಗುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಸ್ಪೇಸರ್ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು.

ಹೊಳೆಯುವ ಸ್ಪೇಸರ್

"ದಿನಾ ನಾನೇ ತೊಳೆದು ಸೆರಗಿನಲ್ಲಿ ಒರೆಸಿಡುತ್ತೇನೆ" ಎಂದರು ಅಜ್ಜಿ, ಹೆಮ್ಮೆಯಿಂದ. ಅವರ ಮುಖ ನೋಡಿ ಹೇಳಲು ಸಂಕಟವಾಯಿತು, ಆದರೂ ಹೇಳಲೇಬೇಕಿತ್ತು. ಪ್ಲಾಸ್ಟಿಕ್ ಅನ್ನು ಬಟ್ಟೆಯಿಂದ ಉಜ್ಜಿದರೆ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ಎಲ್ಲರಿಗೂ ಗೊತ್ತು. ಅದೇ ರೀತಿ ಸ್ಪೇಸರ್‌ನ ಗೋಡೆ ಮದ್ದಿನ ಕಣಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮಗುವಿಗೆ ಸೇರಬೇಕಾದ ಮದ್ದಿನಲ್ಲಿ ಒಳ್ಳೆಯ ಪಾಲು ಗೋಡೆಗೆ ಹೋಗುತ್ತದೆ.

ತೊಳೆಯುವ ರೀತಿ ಬೇರೆ. ಪ್ಲಾಸ್ಟಿಕ್ ಸ್ಪೇಸರ್ ಅನ್ನು ಬಿಚ್ಚಿ, ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಹಾಕಿ, ಅದರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆಲ್ಲಗೆ ಅಲ್ಲಾಡಿಸಿ ತೆಗೆಯಬೇಕು. ನಾರು, ಬ್ರಷ್ ಬೇಡ. ಕೊಳವೆಯ ಒಳಭಾಗವನ್ನು ಮತ್ತೆ ಬರಿ ನೀರಿನಲ್ಲಿ ತೊಳೆಯಬಾರದು, ಒರೆಸಲೂ ಬಾರದು. ಸಾಬೂನಿನ ತೆಳ್ಳನೆ ಪದರ ಗೋಡೆಯ ಮೇಲೆ ಉಳಿದರೆ ಆ ವಿದ್ಯುತ್ ಕಟ್ಟುವುದಿಲ್ಲ. ಮಗುವಿನ ಚರ್ಮಕ್ಕೆ ತಾಗುವ ಮಾಸ್ಕ್ ಅನ್ನು ಮಾತ್ರ ಶುದ್ಧ ನೀರಿನಲ್ಲಿ ಜಾಲಿಸಬೇಕು. ನಿಮ್ಮ ಸ್ಪೇಸರ್‌ನ ಚೀಟಿಯಲ್ಲಿ ಬೇರೆ ಸೂಚನೆಯಿದ್ದರೆ ಅದನ್ನು ಪಾಲಿಸಿ, ಎಲ್ಲ ಸ್ಪೇಸರ್‌ಗಳೂ ಒಂದೇ ವಸ್ತುವಿನವಲ್ಲ. ದಿನಾ ತೊಳೆಯುವ ಅಗತ್ಯವಿಲ್ಲ, ವಾರಕ್ಕೊಮ್ಮೆಯಾದರೂ ಸಾಕು. ಅಂಗಡಿಯಿಂದ ತಂದ ಹೊಸ ಸ್ಪೇಸರ್ ಅನ್ನೂ ಮೊದಲ ಬಳಕೆಗೆ ಮುಂಚೆ ಹೀಗೆ ತೊಳೆಯಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಮಲೆನಾಡಿನ ತೊಂದರೆ ಒಣಗಿಸುವುದರಲ್ಲಿದೆ. ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸ್ಪೇಸರ್ ಎಲ್ಲಿಂದ ಒಣಗಬೇಕು? ಹಾಗೆಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆಯ ಮಸಿ ಒಳಗೆ ಕೂರುತ್ತದೆ, ಉಬ್ಬಸದ ಮಗುವಿಗೆ ಅದನ್ನೇ ಕುಡಿಸಿದ ಹಾಗೆ. ಬೆಳಗಿನ ಪಫ್ ಮುಗಿದೊಡನೆ ತೊಳೆದು, ನೀರನ್ನು ಕೊಡವಿ, ಶುಚಿಯಾದ ತಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ರಾತ್ರಿಯವರೆಗೆ ಸಮಯ ಸಿಗುತ್ತದೆ. ಒಳಗೆ ಹನಿ ಉಳಿದಿದ್ದರೆ ಮದ್ದು ಆ ಹನಿಗೆ ಅಂಟುತ್ತದೆ.

ಇನ್ಹೇಲರ್‌ನ ಪ್ಲಾಸ್ಟಿಕ್ ಕವಚಕ್ಕೂ ತೊಳೆತ ಬೇಕು. ಅದರ ನಳಿಕೆಯ ತೂತು ಸೂಜಿಮೊನೆಯಷ್ಟು, ಪುಡಿ ಕೂತು ಕಟ್ಟಿಕೊಳ್ಳುತ್ತದೆ. ಗಾಳಿಗೆ ಒಮ್ಮೆ ಒತ್ತಿದಾಗ ಹತ್ತಿಯಂತಹ ಮಂಜು ಬಂದರೆ ಸರಿ. ಒಂದು ಪಕ್ಕಕ್ಕೆ ಚಿಮ್ಮಿದರೆ, ಅಥವಾ ತೂತಿನ ಸುತ್ತ ಬಿಳಿ ಕರೆ ಕಂಡರೆ, ಡಬ್ಬಿಯನ್ನು ಹೊರಗೆಳೆದು ಕವಚವನ್ನು ಮಾತ್ರ ಬೆಚ್ಚಗಿನ ನೀರಿನ ಧಾರೆಗೆ ಹಿಡಿದು ಪೂರ್ತಿ ಒಣಗಿಸಿ. ಪಿನ್ನು ಚುಚ್ಚಬೇಡಿ. ಲೋಹದ ಡಬ್ಬಿಗೆ ನೀರು ತಾಗಿಸಬೇಡಿ.

ಶುರುವಿನಿಂದಲೇ ಗುಣ ಕಾಣದವರಿಗೆ

ಆ ಮಗುವಿಗೆ ಇದು ಅನ್ವಯಿಸಲಿಲ್ಲ, ಆದರೆ ಕ್ಲಿನಿಕ್ಕಿಗೆ ಬರುವ ಇತರ ಅನೇಕ ಮಕ್ಕಳಿಗೆ ಅನ್ವಯಿಸುತ್ತದೆ. ಮಾಸ್ಕ್ ಮತ್ತು ಕೆನ್ನೆಯ ನಡುವೆ ಸಣ್ಣ ಸಂದು ಇದ್ದರೂ ಮಗು ಆ ಸಂದಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಅಲ್ಲಿ ದಾರಿ ಹಗುರ, ಸ್ಪೇಸರ್‌ನ ವಾಲ್ವ್ ತಳ್ಳುವ ಶ್ರಮವಿಲ್ಲ. ಇದರ ಗುರುತು ವಾಲ್ವ್‌ನಲ್ಲೇ ಇದೆ: ಮಗುವಿನ ಎದೆ ಏರಿಳಿಯುತ್ತಿದೆ, ವಾಲ್ವ್ ಅಲುಗುತ್ತಿಲ್ಲ ಎಂದರೆ ಎಲ್ಲೋ ಸೋರುತ್ತಿದೆ. ಮಾಸ್ಕ್ ಸರಿಯಾಗಿ ಒತ್ತಿದ ಮೇಲೂ ಅಲುಗದಿದ್ದರೆ ವಾಲ್ವ್‌ಗೆ ಜೊಲ್ಲೋ ಹಾಲೋ ಒಣಗಿ ಅಂಟಿದೆ. ಹತ್ತು ತಿಂಗಳಿದ್ದಾಗ ಕೊಂಡ ಮಾಸ್ಕ್ ಎರಡು ವರ್ಷದ ಮುಖಕ್ಕೆ ಕೂರುವುದಿಲ್ಲ, ಗಲ್ಲದ ಬಳಿ ಬಾಯಿ ಬಿಡುತ್ತದೆ. ಮಗು ನಾಲ್ಕು ವರ್ಷದ ಆಸುಪಾಸಿಗೆ ಬಂದು ಕೊಳವೆಯ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು ಉಸಿರಾಡಲು ಕಲಿತರೆ ಮಾಸ್ಕ್ ಬಿಡಬಹುದು.

ಅಳುವ ಮಗುವಿನ ವಿಷಯದಲ್ಲಿ ಒಂದು ಗಟ್ಟಿ ನಂಬಿಕೆಯಿದೆ: "ಅತ್ತರೆ ಜೋರಾಗಿ ಉಸಿರೆಳೆಯುತ್ತದೆ, ಮದ್ದು ಚೆನ್ನಾಗಿ ಒಳಗೆ ಹೋಗುತ್ತದೆ." ಆಗುವುದು ತದ್ವಿರುದ್ಧ. ಅಳು ಎಂದರೆ ಉದ್ದನೆಯ ಹೊರಉಸಿರು, ನಡುವೆ ಗಬಕ್ಕನೆ ಒಂದು ಎಳೆತ. ಆ ಎಳೆತದಲ್ಲಿ ಮದ್ದು ಗಂಟಲಿಗೆ ಬಡಿದು ಹೊಟ್ಟೆಗೆ ಹೋಗುತ್ತದೆ, ಎದೆಗೆ ಇಳಿಯುವುದು ತೀರಾ ಕಡಿಮೆ. ಹಾಗಾದರೆ ನಿದ್ದೆಯಲ್ಲಿ ಕೊಡೋಣವೇ ಎನ್ನುತ್ತಾರೆ. ಮಾಸ್ಕ್ ತಾಗಿದೊಡನೆ ಎಚ್ಚರವಾಗಿ ಅತ್ತರೆ ಎರಡೂ ನಷ್ಟ. ನಾನು ಹೇಳುವುದು, ಮದ್ದಿಲ್ಲದ ಹೊತ್ತಿನಲ್ಲಿ ಮಾಸ್ಕ್ ಅನ್ನು ಆಟಕ್ಕೆ ಬಿಡಿ. ಗೊಂಬೆಗೆ ಇಡಲಿ, ಅಜ್ಜಿಗೆ ಇಡಲಿ, ತಾನೇ ಇಟ್ಟುಕೊಳ್ಳಲಿ. ಮೂರು ನಾಲ್ಕು ದಿನದಲ್ಲಿ ಹೆಚ್ಚಿನ ಮಕ್ಕಳು ಪಳಗುತ್ತವೆ. ಪಳಗದವೂ ಇವೆ. ಅಂಥ ಮಗುವಿಗೆ ಅಳು ನಿಂತು ಉಸಿರು ಸಮವಾಗುವವರೆಗೆ ಕಾದು ಒತ್ತುವುದೇ ಉಪಾಯ.

ಇನ್ನೊಂದು ತಪ್ಪು ಚಿಕ್ಕದು, ಪರಿಣಾಮ ದೊಡ್ಡದು. ಎರಡು ಪಂಪ್ ಅದಲು ಬದಲಾಗುವುದು. ಬಣ್ಣ ನೋಡಿ ಗುರುತಿಡಬೇಡಿ, ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಬಣ್ಣವೂ ಬೇರೆಯಾಗಬಹುದು. ತುರ್ತಿನದಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡಿ. ಕತ್ತಲಲ್ಲಿ, ಕರೆಂಟ್ ಹೋದ ರಾತ್ರಿಯಲ್ಲಿ ಕೈಗೇ ಗೊತ್ತಾಗುತ್ತದೆ.

ಆ ಮಗುವಿಗೆ ಏನಾಯಿತು?

ವೈದ್ಯರು ಪ್ರಮಾಣ ಹೆಚ್ಚಿಸಲಿಲ್ಲ. ಅದೇ ಮದ್ದಿನ ಹೊಸ ಡಬ್ಬಿ, ಒರೆಸದ ಸ್ಪೇಸರ್, ಎರಡು ವಾರ ಬಿಟ್ಟು ಬನ್ನಿ ಎಂದರು. ಬಂದಾಗ ರಾತ್ರಿ ಕೆಮ್ಮು ಬಹುಮಟ್ಟಿಗೆ ನಿಂತಿತ್ತು. ಬೆಳಗ್ಗೆ ಹಂಡೆ ಒಲೆಗೆ ಬೆಂಕಿ ಹಾಕಿದಾಗ ಸ್ವಲ್ಪ ಕೆಮ್ಮು ಉಳಿದಿತ್ತು. ಅದಕ್ಕೆ ಪಂಪಿನಲ್ಲಿ ಉತ್ತರವಿಲ್ಲ, ಆ ಹೊತ್ತಿಗೆ ಮಗುವನ್ನು ಮನೆಯ ಮುಂಭಾಗದಲ್ಲಿ ಇಟ್ಟುಕೊಳ್ಳಿ ಎಂದೆವು.

ಹೊಸ ಡಬ್ಬಿಯ ಲೆಕ್ಕವನ್ನು ಮೊದಲ ದಿನವೇ ಮಾಡಿದ್ದೆವು. 200ರಲ್ಲಿ ನಾಲ್ಕು ಪಫ್ ಗಾಳಿಗೆ ಹೋಗಿದ್ದವು, ಎರಡು ನನ್ನೆದುರು ಮಗುವಿಗೆ. ಉಳಿದ 194 ಪಫ್ ಜೂನ್ 10ರ ಬೆಳಗಿನಿಂದ ದಿನಕ್ಕೆ ನಾಲ್ಕರಂತೆ ನಲವತ್ತೆಂಟು ದಿನಕ್ಕೆ ಸಾಕು, ಮೇಲೆ ಒಂದು ಹೊತ್ತು. ಅಂದರೆ ಜುಲೈ 28ರ ಬೆಳಗ್ಗೆ ಕೊನೆಯ ಎರಡು ಪಫ್. ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ 28 ಎಂದು ಬರೆದುಕೊಟ್ಟಿದ್ದೆ. ಎರಡನೆಯ ಭೇಟಿಗೆ ಬಂದಾಗ ಅಜ್ಜಿ ಅದರ ಪಕ್ಕದಲ್ಲೇ ತಮ್ಮ ಕೈಯಾರೆ 20 ಎಂದು ಬರೆದಿದ್ದರು. ಏಕೆಂದು ಕೇಳಿದೆ.

"ಮರ ಬಿದ್ದರೆ ನಮ್ಮ ಕಡೆ ನಾಲ್ಕು ದಿನ ಬಸ್ಸಿಲ್ಲ ಸಿಸ್ಟರ್. ಇಪ್ಪತ್ತಕ್ಕೇ ಹೊಸದು ತಂದಿಡುತ್ತೇನೆ" ಎಂದರು.